ನೀಲಿ ಟಿಕ್ ಬಿಡಿ, ಕ್ರಿಯಾಪದ ನೋಡಿ

ಮಾನ್ಯ ಸಂಪಾದಕರೇ,

ನನಗೆ 26 ವರ್ಷ, ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಗಂಡಿನ ಕಡೆಯವರು ಬಂದು ನೋಡಿ ಒಪ್ಪಿದ್ದಾರೆ, ಆಷಾಢ ಕಳೆದ ಮೇಲೆ ನಿಶ್ಚಿತಾರ್ಥ. ಹುಡುಗ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಮಾತನಾಡುತ್ತೇವೆ. ನಾನು ಬರೆದದ್ದಕ್ಕೆ ನೀಲಿ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ. ಬಂದರೆ ಒಂದು ಹೆಬ್ಬೆರಳು. ಆಮೇಲೆ ರಾತ್ರಿ ಹನ್ನೊಂದೂವರೆಗೆ ಎರಡು ನಿಮಿಷದ ವಾಯ್ಸ್ ನೋಟ್. ಪಕ್ಕದಲ್ಲಿ ಅಜ್ಜಿ ಮಲಗಿರುವಾಗ ಅದನ್ನು ಕೇಳುವುದು ಹೇಗೆ? ಅತ್ತಿಗೆ ‘ಇದು ಮನಸ್ಸಿಲ್ಲದವನ ಲಕ್ಷಣ’ ಎನ್ನುತ್ತಾರೆ. ಮೂರು ದಿನದ ಸಂದೇಶಗಳನ್ನು ಸಮಯದ ಸಮೇತ ಬರೆದು ಕಳುಹಿಸಿದ್ದೇನೆ. ನಿಮಗೇನು ಅನ್ನಿಸುತ್ತದೆ?

ಹೆಸರು ಬೇಡ, ಗುಬ್ಬಿ ತಾಲ್ಲೂಕು

ತಂಗಿ,

ನೀವು ಬರೆದು ಕಳುಹಿಸಿದ್ದನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಅತ್ತಿಗೆಯ ಕಣ್ಣಿನಿಂದ, ಎರಡನೆಯ ಸಲ ಗಡಿಯಾರ ನೋಡಿಕೊಂಡು. ಅತ್ತಿಗೆ ತಪ್ಪಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಆದರೆ ಈ ಮೂರು ದಿನಗಳಲ್ಲಿ ಚಿಂತಿಸಬೇಕಾದ ಮಾತೊಂದು ಇದೆ. ಅದು ನೀವು ಗೆರೆ ಎಳೆದು ತೋರಿಸಿದ ಜಾಗದಲ್ಲಿಲ್ಲ, ಬೇರೆ ಕಡೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಗಡಿಯಾರ. ಶುಕ್ರವಾರ ಸಂಜೆ 4.20ಕ್ಕೆ ನೀವು ಬರೆದಿರಿ. 6.35ಕ್ಕೆ ನೀಲಿ ಟಿಕ್, 6.36ಕ್ಕೆ ಹೆಬ್ಬೆರಳು, ರಾತ್ರಿ 11.28ಕ್ಕೆ ವಾಯ್ಸ್ ನೋಟ್. ಶನಿವಾರವೂ ಹೆಚ್ಚುಕಡಿಮೆ ಅದೇ ಹೊತ್ತು. ಸೋಮವಾರ ಮಾತ್ರ ನೀವು ಬೆಳಿಗ್ಗೆ 8 ಗಂಟೆಗೆ ಬರೆದದ್ದಕ್ಕೆ ಮಧ್ಯಾಹ್ನ 2.50ಕ್ಕೇ ನಾಲ್ಕು ಸಾಲಿನ ಉತ್ತರ ಬಂದಿದೆ. ಮನಸ್ಸು ಇಷ್ಟು ಕರಾರುವಾಕ್ಕಾಗಿ ಬದಲಾಗುವುದಿಲ್ಲ, ಬದಲಾಗುವುದು ಪಾಳಿ. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ಪಾಳಿಯವರು ಮೊಬೈಲನ್ನು ಲಾಕರಿನಲ್ಲಿಟ್ಟು ಒಳಗೆ ಹೋಗುವುದು ಅನೇಕ ಕಾರ್ಖಾನೆಗಳಲ್ಲಿ ಕಟ್ಟುನಿಟ್ಟಿನ ನಿಯಮ. ಆರೂವರೆಗೆ ಸಣ್ಣ ಬಿಡುವು, ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ಫೋನು. ಹತ್ತಕ್ಕೆ ಬಿಟ್ಟು, ಬಸ್ ಹಿಡಿದು, ತುಮಕೂರಿನ ಕೋಣೆ ಸೇರಿ, ಬಾಗಿಲು ಹಾಕಿಕೊಂಡು ಮಾತನಾಡುವ ಹೊತ್ತಿಗೆ ಹನ್ನೊಂದೂವರೆ. ಸೋಮವಾರದಿಂದ ಅವರು ಬೆಳಗಿನ ಪಾಳಿಗೆ ಬಂದಿರಬೇಕು. ಕೇಳಿ ನೋಡಿ, ನನ್ನ ಲೆಕ್ಕ ತಪ್ಪಿದ್ದರೆ ಮುಂದಿನ ಸಂಚಿಕೆಯಲ್ಲಿ ಒಪ್ಪಿಕೊಳ್ಳುತ್ತೇನೆ.

ಆ ಹೆಬ್ಬೆರಳಿನ ಕಥೆಯೂ ಅದೇ. ಪಾಳಿ ಬದಲಾದ ಸುದ್ದಿಯನ್ನು ಮೇಲ್ವಿಚಾರಕರು ಗುಂಪಿಗೆ ಹಾಕಿದಾಗ ಎಲ್ಲರೂ ಒತ್ತುವುದು ಅದನ್ನೇ. ‘ನೋಡಿದೆ, ತಿಳಿಯಿತು’ ಎಂಬುದಕ್ಕೆ ಅದು ಹಾಜರಿ ಪುಸ್ತಕದ ಸಹಿ ಇದ್ದಂತೆ. ಶಿಕ್ಷಕಿಯಾದ ನಿಮಗೆ ಅದು ಮಾತು ಮುಗಿಸಿ ಬಾಗಿಲು ಹಾಕಿದಂತೆ ಕಂಡಿತು. ಎಮೋಜಿಗೆ ನಿಘಂಟು ಇಲ್ಲ, ಅದನ್ನು ಯಾವ ಗುಂಪಿನಲ್ಲಿ ಕಲಿತೆವೋ ಆ ಗುಂಪಿನ ಅರ್ಥವೇ ಕೈಗೆ ಅಂಟಿರುತ್ತದೆ.

ನೀಲಿ ಟಿಕ್ ಏನು ಹೇಳುತ್ತದೆ ಎಂಬುದನ್ನೂ ಸರಿಯಾಗಿ ತಿಳಿದುಕೊಳ್ಳಿ. ಒಂದು ಬೂದು ಟಿಕ್ ಎಂದರೆ ಸಂದೇಶ ಹೊರಟಿತು, ಎರಡು ಬೂದು ಎಂದರೆ ಆ ಫೋನಿಗೆ ಮುಟ್ಟಿತು, ಎರಡೂ ನೀಲಿಯಾದರೆ ಆ ಪುಟ ತೆರೆಯಿತು, ಅಷ್ಟೇ. ಮನಸ್ಸಿಟ್ಟು ಓದಿದರೇ ಎಂಬುದು ಅದರಲ್ಲಿಲ್ಲ. ಇದು ಬಂದದ್ದು 2014ರ ನವೆಂಬರಿನಲ್ಲಿ. ಜನ ಗೊಣಗಿದ ಮೇಲೆ ಅದನ್ನು ಮುಚ್ಚಿಡುವ ಅನುಕೂಲವನ್ನೂ ಕೊಟ್ಟರು. ನಿಮ್ಮವರು ಅದನ್ನು ಮುಚ್ಚಿಲ್ಲ. ಓದಿಯೂ ಓದದವರಂತೆ ಇರಲು ಬಯಸುವವರು ಮೊದಲು ಮಾಡುವ ಕೆಲಸವೇ ಅದು. ಇನ್ನೊಂದು ವಿಷಯ, ನಿಮ್ಮ ಟಿಕ್ ಮುಚ್ಚಿದರೂ ವಾಯ್ಸ್ ನೋಟ್ ಕೇಳಿದ ಗುರುತು ಮುಚ್ಚುವುದಿಲ್ಲ. ನೀವು ಕೇಳಿದ ಕೂಡಲೇ ಅವರ ಕಡೆ ಆ ಪುಟ್ಟ ಮೈಕ್ ನೀಲಿಯಾಗುತ್ತದೆ. ನೀವು ಶುಕ್ರವಾರದ್ದನ್ನು ಶನಿವಾರ ಮಧ್ಯಾಹ್ನದವರೆಗೂ ಕೇಳಲಿಲ್ಲ ಎಂದು ನೀವೇ ಬರೆದಿದ್ದೀರಿ. ಆ ಹನ್ನೆರಡು ಗಂಟೆಗೂ ಮೀರಿದ ಹೊತ್ತು ಬೂದು ಮೈಕನ್ನು ನೋಡುತ್ತಾ ಅವರ ಮನೆಯ ಅತ್ತಿಗೆಯೂ ಏನಾದರೂ ಹೇಳಿರಬಹುದು.

ಅಜ್ಜಿಯ ಸಮಸ್ಯೆಗೆ ಪರಿಹಾರ ಸುಲಭ. ವಾಯ್ಸ್ ನೋಟ್ ಒತ್ತಿ, ಕರೆ ಬಂದಾಗ ಹಿಡಿಯುವಂತೆ ಫೋನನ್ನು ಕಿವಿಗೆ ಹಿಡಿಯಿರಿ. ಧ್ವನಿ ಕೆಳಗಿನ ಸ್ಪೀಕರ್ ಬಿಟ್ಟು ಕಿವಿಯ ಬಳಿಯ ಸಣ್ಣ ರಂಧ್ರದಿಂದ ಬರುತ್ತದೆ, ಪಕ್ಕದವರಿಗೆ ಕೇಳಿಸುವುದಿಲ್ಲ. ಒತ್ತಿದ ಕೂಡಲೇ ಎತ್ತಬೇಕು, ತಡಮಾಡಿದರೆ ಮೊದಲ ಎರಡು ಪದ ಅಜ್ಜಿಗೆ ಸಲ್ಲುತ್ತದೆ.

ಅಜ್ಜಿಗೆ ಸಂದೇಶ ಸಲ್ಲುವುದು ಹೊಸದೇನೂ ಅಲ್ಲ. ನನ್ನ ನಿಶ್ಚಿತಾರ್ಥವಾದ ಮೇಲೆ ಪಾವಗಡಕ್ಕೆ ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದೆ. ಹೋಗಿ ಉತ್ತರ ಬರಲು ಎಂಟು ದಿನ ಹಿಡಿಯುತ್ತಿತ್ತು. ಅವರಿಂದ ಬಂದದ್ದನ್ನು ಮೊದಲು ಒಡೆಯುತ್ತಿದ್ದವನು ನನ್ನ ಅಣ್ಣ, ಒಡೆದು ಪಡಸಾಲೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದ. ಹಾಗಾಗಿ ಅವರ ಕಾಗದವೆಲ್ಲ ಮಳೆ, ಬೆಳೆ, ಮನೆಯವರಿಗೆಲ್ಲ ನಮಸ್ಕಾರ. ನನಗೆಂದು ಇರುತ್ತಿದ್ದದ್ದು ಕೊನೆಯ ಮಡಿಕೆಯ ಒಂದು ಸಾಲು. ಎಂಟು ದಿನ ತಡವಾಯಿತೆಂದು ಯಾರೂ ಯಾರನ್ನೂ ಅನುಮಾನಿಸಲಿಲ್ಲ, ಏಕೆಂದರೆ ಆ ತಡ ಅಂಚೆಯದ್ದು. ಈಗ ಅಂಚೆಗೆ ತಡವೇ ಇಲ್ಲ, ಉಳಿದ ತಡವೆಲ್ಲ ಮನುಷ್ಯನ ಲೆಕ್ಕಕ್ಕೆ ಬೀಳುತ್ತದೆ. ಹೆಣ್ಣು ನೋಡುವುದಕ್ಕೆ ನಮ್ಮಲ್ಲಿ ಕಾಫಿ, ಕೇಸರಿಬಾತ್, ಯಾರು ಎಲ್ಲಿ ಕೂರಬೇಕು ಎಂಬುದೆಲ್ಲ ಇದೆ. ಒಪ್ಪಿದ ದಿನಕ್ಕೂ ನಿಶ್ಚಿತಾರ್ಥಕ್ಕೂ ನಡುವಿನ ಈ ನಲವತ್ತು ದಿನಕ್ಕೆ ಯಾವ ಶಾಸ್ತ್ರವೂ ಇಲ್ಲ. ಮೊದಲು ಆ ಹೊತ್ತಿನಲ್ಲಿ ಇಬ್ಬರೂ ಮಾತನಾಡುತ್ತಲೇ ಇರಲಿಲ್ಲ.

ಈಗ ಮುಖ್ಯ ವಿಷಯ. ನಮ್ಮ ಭಾಷೆಯಲ್ಲಿ ಹತ್ತಿರವಾಗುವುದನ್ನು ಅಳೆಯುವ ಕೋಲು ಕ್ರಿಯಾಪದದ ಕೊನೆಯಲ್ಲಿದೆ. ‘ಬಂದಿರಾ’ ಎಂದರೆ ಒಂದು ದೂರ, ‘ಬಂದೆಯಾ’ ಎಂದರೆ ಇನ್ನೊಂದು. ಅದನ್ನು ದಾಟಲು ಇಬ್ಬರಿಗೂ ಸಂಕೋಚ. ಹಾಗಾಗಿ ನಿಮ್ಮ ವಯಸ್ಸಿನವರು ಒಂದು ಜಾಣತನ ಕಂಡುಕೊಂಡಿದ್ದಾರೆ. ನಿಮ್ಮ ಹಾಳೆಗಳಲ್ಲೇ ನೋಡಿ, ಅವರು ಬರೆದದ್ದು oota aytha, ನೀವು ಬರೆದದ್ದು kelasa mugitha. ಊಟ ಆಯಿತಾ, ಕೆಲಸ ಮುಗಿಯಿತಾ. ಆಗಿದ್ದು ಊಟ, ಮುಗಿದದ್ದು ಕೆಲಸ, ನೀನೂ ಇಲ್ಲ ನೀವೂ ಇಲ್ಲ. ಮೂರು ದಿನದ ಬರಹದಲ್ಲಿ ಇಬ್ಬರೂ ಒಂದೇ ಒಂದು ಸಲವೂ ಸರ್ವನಾಮ ಬಳಸಿಲ್ಲ. ನಾನು ಎಣಿಸಿದೆ.

ವಾಯ್ಸ್ ನೋಟಿನಲ್ಲಿ ಈ ಆಟ ನಡೆಯುವುದಿಲ್ಲ. ಎರಡು ನಿಮಿಷ ಸರ್ವನಾಮ ತಪ್ಪಿಸಿಕೊಂಡು ಮಾತನಾಡುವುದು ಯಾರಿಂದಲೂ ಆಗದು. ಶುಕ್ರವಾರದ್ದನ್ನು ನೀವು ಕೇಳಿ ಬರೆದುಕೊಂಡಿದ್ದೀರಲ್ಲ: ‘ಪ್ರಯೋಗಾಲಯದ ಬೀಗದ ಕೈ ಕೊಟ್ಟರಾ, ಇಲ್ಲವಾ? ನೀನು ಹೆದರಬೇಡ... ಹೆದರಬೇಡಿ.’ ಆ ಸಾಲಿಗೆ ನೀವು ಏನೂ ಗುರುತು ಹಾಕಿಲ್ಲ. ಬೀಗದ ಕೈಯ ಜಗಳವನ್ನು ನೀವು ಗುರುವಾರ ಹೇಳಿದ್ದಿರಿ, ಅವರು ಒಂದು ಪಾಳಿ ಮುಗಿಸಿ ಬಂದು ಅದನ್ನು ನೆನಪಿಟ್ಟು ಕೇಳಿದ್ದಾರೆ. ನಾಲಿಗೆ ‘ನೀನು’ ಎಂದು ಜಾರಿದೆ, ಮರುಕ್ಷಣ ಹಿಂದೆ ಸರಿದಿದೆ. ಇದು ಮನಸ್ಸಿಲ್ಲದವನ ಲಕ್ಷಣ ಎನ್ನುವವರು ಆ ಮೂರು ಚುಕ್ಕಿಗಳನ್ನು ಕೇಳಿಸಿಕೊಂಡಿಲ್ಲ. ಬರೆದಿದ್ದರೆ ಆ ಜಾರಿದ್ದು ಅಳಿಸಿಹೋಗುತ್ತಿತ್ತು.

ಇನ್ನು ನಾನು ಹೇಳಿದ ಚಿಂತೆಯ ಮಾತು. ಶನಿವಾರ ಸಂಜೆ ನೀವು ‘ಮದುವೆಯಾದ ಮೇಲೂ ಕೆಲಸ ಮುಂದುವರಿಸಬಹುದಾ’ ಎಂದು ಕೇಳಿದಿರಿ. ಉತ್ತರ ಒಂದೇ ಪದ: nodona. ನೀವು ಅದರ ಕೆಳಗೆ ನಗುವ ಮುಖ ಹಾಕಿ ಬೇರೆ ಮಾತಿಗೆ ಹೋದಿರಿ.

‘ನೋಡೋಣ’ ನಮ್ಮ ಭಾಷೆಯ ಅತ್ಯಂತ ಅಪಾಯಕಾರಿ ಪದ. ಕೊನೆಯ ಅಕ್ಷರ ಎಳೆದು ಇಳಿಸಿದರೆ ‘ಆಗುವುದಿಲ್ಲ, ಆದರೆ ಬಾಯಿಬಿಟ್ಟು ಹೇಳಲಾರೆ’ ಎಂದರ್ಥ. ಮನೆ ಬಾಡಿಗೆ ಇಳಿಸಿ ಎಂದಾಗ ಮಾಲೀಕರು ಹೇಳುವುದು ಅದನ್ನೇ. ಚುರುಕಾಗಿ ಏರಿಸಿ ಹೇಳಿದರೆ ‘ಇಬ್ಬರೂ ಕೂತು ದಾರಿ ಹುಡುಕೋಣ’ ಎಂದರ್ಥ. ಬರೆದರೆ ಎರಡೂ ಒಂದೇ. hmm ಎಂಬುದರದ್ದೂ ಇದೇ ಪಾಡು. ಕಿವಿಗೆ ಹತ್ತು ಬಗೆಯಾಗಿ ಕೇಳುವ ‘ಹೂಂ’ ತೆರೆಯ ಮೇಲೆ ಒಂದೇ ಹೆಣವಾಗಿ ಮಲಗಿರುತ್ತದೆ.

ಇಂಗ್ಲಿಷ್ ಅಕ್ಷರದ ಈ ಕನ್ನಡಕ್ಕೂ ಒಂದು ಹಿನ್ನೆಲೆ ಇದೆ. ಹಳೆಯ ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಅಕ್ಷರವಾದರೆ 160 ಹಿಡಿಯುತ್ತಿತ್ತು, ಕನ್ನಡ ಲಿಪಿಯಾದರೆ 70 ಮಾತ್ರ, ಒತ್ತು ದೀರ್ಘಗಳಿಗೂ ಅದರಲ್ಲೇ ಜಾಗ. ಕನ್ನಡ ತೋರಿಸುವ ಫೋನುಗಳೂ ಕಡಿಮೆ ಇದ್ದವು. ದುಡ್ಡು ಉಳಿಸಲು ಶುರುವಾದದ್ದು ಕೈಗೆ ಅಂಟಿಕೊಂಡಿತು. male ಎಂದು ಬರೆದರೆ ಮಳೆಯೋ ಮಾಲೆಯೋ ಮಲೆಯೋ ಎಂದು ಓದುವವರೇ ಊಹಿಸಬೇಕು. ಪ್ರಶ್ನೆ ಬದುಕಿನದ್ದಾದಾಗ ಕನ್ನಡ ಕೀಲಿಮಣೆ ತೆಗೆದು ಪೂರ್ತಿ ವಾಕ್ಯ ಬರೆಯಿರಿ, ಅವರೂ ಬಹುಶಃ ಪೂರ್ತಿ ವಾಕ್ಯದಲ್ಲೇ ಉತ್ತರಿಸುತ್ತಾರೆ.

ಈ ಒಂದು ಪ್ರಶ್ನೆಯನ್ನು ಮಾತ್ರ ಬರಹಕ್ಕೂ ಬಿಡಬೇಡಿ, ವಾಯ್ಸ್ ನೋಟಿಗೂ ಬಿಡಬೇಡಿ. ವಾಯ್ಸ್ ನೋಟ್ ಕಳುಹಿಸುವವರಿಗೆ ಅಳಿಸಿ ಮತ್ತೆ ಮಾತನಾಡುವ ಅನುಕೂಲವಿದೆ, ನಡುವೆ ‘ಹಾಗೆಂದರೇನು’ ಎಂದು ಕೇಳುವ ಅನುಕೂಲ ನಿಮಗಿಲ್ಲ. ಕರೆ ಮಾಡಿ. ಶಾಲೆಯ ಹೆಸರು, ಸಂಬಳ, ಗುಬ್ಬಿಯಿಂದ ತುಮಕೂರಿಗೆ ಓಡಾಡುವುದೋ ತುಮಕೂರಿನಲ್ಲೇ ಬೇರೆ ಶಾಲೆ ಹುಡುಕುವುದೋ, ಅವರ ತಾಯಿಗೆ ಇದು ಗೊತ್ತಿದೆಯೋ, ಎಲ್ಲವನ್ನೂ ಬಿಡಿಸಿ ಕೇಳಿ. ಅಲ್ಲೂ ಎಳೆದು ಇಳಿಸಿದ ‘ನೋಡೋಣ’ವೇ ಬಂದರೆ, ಅಥವಾ ಮಾತು ತೇಲಿಸಿ ಊಟಕ್ಕೆ ಬಂದರೆ, ಆಷಾಢ ಮುಗಿಯುವ ಮೊದಲೇ ನಿಮ್ಮ ತಂದೆಗೆ ತಿಳಿಸಿ. ಹಾಗೆಯೇ, ಎಷ್ಟು ಹೊತ್ತಿಗೆ ಆನ್‌ಲೈನ್ ಇದ್ದೆ, ಯಾರೊಡನೆ ಎಂದು ಲೆಕ್ಕ ಕೇಳುವುದು, ನಿಮ್ಮ ಸಂದೇಶದ ಸ್ಕ್ರೀನ್‌ಶಾಟ್ ಮನೆಯವರಿಗೆಲ್ಲ ಹಂಚುವುದು ಕಂಡರೂ ತಿಳಿಸಿ. ನಿಮ್ಮ ಹಾಳೆಗಳಲ್ಲಿ ಅಂಥದ್ದೇನೂ ಕಾಣಲಿಲ್ಲ. ಸ್ಕ್ರೀನ್‌ಶಾಟ್ ವಿಷಯದಲ್ಲಿ ನಾವಿಬ್ಬರೂ ಅಷ್ಟು ಜೋರಾಗಿ ಮಾತನಾಡುವ ಹಾಗಿಲ್ಲ ಎಂಬುದು ಬೇರೆ ಮಾತು. ನೀವು ಅವರ ಮಾತುಗಳನ್ನು ಬರೆದು ಕಳುಹಿಸಿದಿರಿ, ನಾನು ಅಚ್ಚು ಹಾಕುತ್ತಿದ್ದೇನೆ. ಗುರುತು ಸಿಗದಂತೆ ಎರಡು ವಿವರ ಬದಲಿಸಿದ್ದೇನೆ, ನಿಮ್ಮ ಹಾಳೆಗಳನ್ನು ಹರಿದು ಹಾಕಿದ್ದೇನೆ.

ಈ ವಾರ ಬೆಳಗಿನ ಪಾಳಿಯಾದರೆ ಮೂರು ಗಂಟೆಯ ಮೇಲೆ ಅವರು ಕೋಣೆಯಲ್ಲಿರುತ್ತಾರೆ. ನಿಮ್ಮ ಶಾಲೆ ನಾಲ್ಕಕ್ಕೆ ಬಿಡುತ್ತದೆ. ಬಸ್ ನಿಲ್ದಾಣಕ್ಕೆ ಹೋಗುವ ಮೊದಲು, ಪ್ರಯೋಗಾಲಯದ ಬೀಗದ ಕೈ ಸಿಕ್ಕಿದ್ದರೆ ಅಲ್ಲೇ ಬಾಗಿಲು ಹಾಕಿಕೊಂಡು ಕರೆ ಮಾಡಿ.

— ಸಂಪಾದಕಿ