ನಾಯಕತ್ವದ ಸಾಕ್ಷಿ ಶಿಫ್ಟ್ ಪುಸ್ತಕದಲ್ಲಿದೆ

ಮಾನ್ಯ ಸಂಪಾದಕರೇ,
ನರಸಾಪುರದ ಕಾರ್ಖಾನೆಯೊಂದರಲ್ಲಿ ವಾಹನಗಳ ವೈರಿಂಗ್ ಜೋಡಿಸುವ ಲೈನ್‌ನಲ್ಲಿ ಆಪರೇಟರ್ ಆಗಿದ್ದೇನೆ. ಟೀಂ ಲೀಡರ್ ಹುದ್ದೆಗೆ ಅರ್ಜಿ ಹಾಕಿ, ರೆಸ್ಯೂಮೆಯಲ್ಲಿ ‘ಉತ್ತಮ ನಾಯಕತ್ವ ಗುಣವಿದೆ’ ಎಂದು ಬರೆದಿದ್ದೆ. ಸಂದರ್ಶನದಲ್ಲಿ ಪುರಾವೆ ಕೇಳಿದಾಗ ಬಾಯಿ ಕಟ್ಟಿತು. ಹೊಸಬರಿಗೆ ಕೆಲಸ ಕಲಿಸಿದ್ದೇನೆ, ಲೀಡರ್ ರಜೆಯಲ್ಲಿದ್ದಾಗ ಲೈನ್ ನೋಡಿಕೊಂಡಿದ್ದೇನೆ, ಅಷ್ಟೆ. ಮುಂದಿನ ಅರ್ಜಿಯಲ್ಲಿ ಏನು ಬರೆಯಲಿ?
– ಓದುಗ, ಕೋಲಾರ

ಪ್ರಿಯ ಓದುಗರೇ,

ಆ ‘ಅಷ್ಟೆ’ಯನ್ನು ಬಿಡಿಸಿ ಬರೆಯಿರಿ, ‘ಉತ್ತಮ ನಾಯಕತ್ವ ಗುಣ’ವನ್ನು ಹೊಡೆದುಹಾಕಿ. ಗುಣವನ್ನು ನಾವೇ ಹೇಳಿಕೊಂಡರೆ ಯಾರೂ ಪರೀಕ್ಷಿಸಲಾರರು. ಒಂದು ದಿನ ಏನಾಯಿತು ಎಂದು ಹೇಳಿದರೆ ಪರೀಕ್ಷಿಸಬಹುದು.

ಮೊದಲು ಕಲಿಸಿದ ವಿಚಾರ. ನಿಮ್ಮಂಥ ಲೈನ್‌ಗಳ ಬಳಿ ಸಾಮಾನ್ಯವಾಗಿ ಸ್ಕಿಲ್ ಮ್ಯಾಟ್ರಿಕ್ಸ್ ಎಂಬ ಫಲಕ ಇರುತ್ತದೆ. ಪ್ರತಿ ಹೆಸರಿನ ಮುಂದೆ ನಾಲ್ಕು ಭಾಗ ಮಾಡಿದ ವೃತ್ತಗಳು. ಹೆಚ್ಚಿನ ಕಡೆ ಮೂರು ಭಾಗ ತುಂಬಿದರೆ ಆ ವ್ಯಕ್ತಿ ಒಬ್ಬನೇ ಕೆಲಸ ಮಾಡಬಲ್ಲ, ನಾಲ್ಕೂ ತುಂಬಿದರೆ ಇತರರಿಗೆ ಕಲಿಸಬಲ್ಲ ಎಂದರ್ಥ. ನಿಮ್ಮ ವೃತ್ತ ಯಾವ ಸ್ಟೇಷನ್‌ಗಳಲ್ಲಿ ಪೂರ್ತಿ ತುಂಬಿದೆ, ನೀವು ಕಲಿಸಿದವರಲ್ಲಿ ಎಷ್ಟು ಮಂದಿ ಮೂರನೆಯ ಹಂತ ಮುಟ್ಟಿದ್ದಾರೆ ಎಂದು ನೋಡಿ. ‘ಹೊಸಬರಿಗೆ ತರಬೇತಿ ನೀಡಿದ್ದೇನೆ’ ಎನ್ನುವುದಕ್ಕಿಂತ ‘ಕ್ರಿಂಪಿಂಗ್ ಮತ್ತು ಟೇಪಿಂಗ್ ಕಲಿಸಿದ ಐವರಲ್ಲಿ ನಾಲ್ವರು ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದಾರೆ’ ಎನ್ನುವುದು ನಿಲ್ಲುತ್ತದೆ. ಐದನೆಯವನು ಏಕೆ ಆಗಲಿಲ್ಲ ಎಂದು ಕೇಳುತ್ತಾರೆ, ಕೇಳಲಿ. ಅದಕ್ಕೆ ಕೊಡುವ ಉತ್ತರದಲ್ಲೇ ನೀವು ಜನರನ್ನು ಹೇಗೆ ಗಮನಿಸುತ್ತೀರಿ ಎಂಬುದು ತಿಳಿಯುತ್ತದೆ.

ಲೈನ್ ನೋಡಿಕೊಂಡ ದಿನಗಳು ಇದಕ್ಕಿಂತ ಬೆಲೆಯುಳ್ಳವು, ಆದರೆ ಬರೆಯುವುದು ಕಷ್ಟ. ಒಂದು ಕಲ್ಪಿತ ದಿನವನ್ನು ತೆಗೆದುಕೊಳ್ಳೋಣ. ಆವನಿ ಜಾತ್ರೆಯ ಮರುದಿನ, ಬೆಳಗಿನ ಶಿಫ್ಟ್. ಹನ್ನೆರಡು ಸ್ಟೇಷನ್, ಇಬ್ಬರು ಬಂದಿಲ್ಲ, ಲೀಡರ್ ರಜೆ. ನೀವು ಅನುಭವಿಯೊಬ್ಬರನ್ನು ಟೇಪಿಂಗ್‌ನಿಂದ ತೆಗೆದು ಕೊನೆಯ ತಪಾಸಣೆಗೆ ಹಾಕಿದಿರಿ. ಕಲಿಯುತ್ತಿರುವ ಹುಡುಗನನ್ನು ಟೇಪಿಂಗ್‌ನಲ್ಲಿ ನಿಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡಿರಿ. ದಿನದ ಗುರಿ 480, ಆಗಿದ್ದು 440. ಗುರಿ ತಪ್ಪಿತಲ್ಲ ಎಂದು ನೀವು ಇದನ್ನು ಬರೆಯುವುದೇ ಇಲ್ಲ. ತಪ್ಪು ಅಲ್ಲೇ ಇದೆ. 440ನ್ನು ಎಲ್ಲರೂ ಹಾಜರಿದ್ದ ದಿನದ ಜೊತೆ ಹೋಲಿಸಬಾರದು. ಶಿಫ್ಟ್ ಹಸ್ತಾಂತರದ ಪುಸ್ತಕದಲ್ಲಿ ಇಬ್ಬರು ಗೈರಾಗಿದ್ದ ಬೇರೆ ದಿನಗಳನ್ನು ಹುಡುಕಿ. ಅಂದೆಲ್ಲ 390ರ ಆಸುಪಾಸು ಆಗಿದ್ದರೆ, ನಿಮ್ಮ 440ಕ್ಕೆ ಅರ್ಥ ಬರುತ್ತದೆ.

ಹೋಲಿಸುವ ಮುನ್ನ ಮೂರು ವಿಷಯ ನೋಡಿ: ಎರಡೂ ದಿನ ಒಂದೇ ಮಾಡೆಲ್ ಓಡಿತ್ತೇ? ಖಾಲಿಯಿದ್ದದ್ದು ಅವೇ ಸ್ಟೇಷನ್‌ಗಳೇ? ನಡುವೆ ಹೊಸ ಫಿಕ್ಸ್‌ಚರ್ ಬಂದಿತ್ತೇ? ಫಿಕ್ಸ್‌ಚರ್ ಬದಲಾದ್ದರಿಂದ ಹೆಚ್ಚಿದ ಉತ್ಪಾದನೆಯನ್ನು ತಮ್ಮ ನಾಯಕತ್ವದ ಲೆಕ್ಕಕ್ಕೆ ಬರೆದುಕೊಳ್ಳುವವರನ್ನು ಅನುಭವವಿರುವ ಉತ್ಪಾದನಾ ಮ್ಯಾನೇಜರ್ ಎರಡೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ. ಆ ದಿನ ರಿಜೆಕ್ಷನ್ ಎಷ್ಟಿತ್ತು ಎಂಬುದನ್ನೂ ನೋಡಬೇಕು. ತಪಾಸಣೆ ಸಡಿಲಿಸಿ ಗಳಿಸಿದ ಸಂಖ್ಯೆ ಸಂಖ್ಯೆಯೇ ಅಲ್ಲ.

ಇಷ್ಟಾದ ಮೇಲೆ ರೆಸ್ಯೂಮೆಯ ಸಾಲು ಚಿಕ್ಕದು: ‘ಲೀಡರ್ ರಜೆಯಲ್ಲಿದ್ದಾಗ ಹನ್ನೆರಡು ಸ್ಟೇಷನ್‌ಗಳ ಲೈನ್ ನಿರ್ವಹಣೆ, ಇಬ್ಬರ ಗೈರುಹಾಜರಿಯಲ್ಲಿ ಕೆಲಸ ಮರುಹಂಚಿ ಗುರಿಯ ಶೇ. 90ಕ್ಕಿಂತ ಹೆಚ್ಚು ಉತ್ಪಾದನೆ, ರಿಜೆಕ್ಷನ್ ಹೆಚ್ಚಲಿಲ್ಲ.’ ಯಾರನ್ನು ಎಲ್ಲಿಗೆ ಹಾಕಿದಿರಿ, ಏಕೆ, ಯಾರು ಗೊಣಗಿದರು, ಅವರಿಗೆ ಏನು ಹೇಳಿದಿರಿ ಎಂಬುದು ಸಂದರ್ಶನಕ್ಕೆ ಇರಲಿ. ಈ ಸಾಲು ‘ಆಪರೇಟರ್’ ಎಂಬ ನಿಮ್ಮ ನಿಜವಾದ ಹುದ್ದೆಯ ಕೆಳಗೇ ಬರಬೇಕು. ‘ಪ್ರಭಾರ ಟೀಂ ಲೀಡರ್’ ಎಂದು ಹುದ್ದೆಯ ಜಾಗದಲ್ಲಿ ಬರೆದುಕೊಳ್ಳಬೇಡಿ. ಹೊಸ ಕಂಪನಿ ಹಿನ್ನೆಲೆ ಪರಿಶೀಲನೆ ಮಾಡಿದರೆ ಹಳೆಯ ಕಂಪನಿಯ ಎಚ್‌ಆರ್ ವಿಭಾಗ ದಾಖಲೆಯಲ್ಲಿರುವ ಹುದ್ದೆಯನ್ನಷ್ಟೇ ಹೇಳುತ್ತದೆ, ಆಗ ಸತ್ಯವಾದ ಸಾಲುಗಳೂ ಸುಳ್ಳಿನಂತೆ ಕಾಣುತ್ತವೆ.

ಪುಸ್ತಕದ ಪುಟವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆಯಬೇಡಿ. ಅದು ಕಂಪನಿಯ ದಾಖಲೆ. ಗ್ರಾಹಕರ ಹೆಸರು, ಪಾರ್ಟ್ ನಂಬರ್ ಎಲ್ಲವೂ ಅದರಲ್ಲಿರುತ್ತವೆ. ಆ ಫೋಟೊ ತೋರಿಸುವವನಿಗೆ ತಂಡ ಒಪ್ಪಿಸಲು ಯಾರೂ ಧೈರ್ಯ ಮಾಡುವುದಿಲ್ಲ. ಪುಸ್ತಕ ನೋಡಲು ಶಿಫ್ಟ್ ಇನ್‌ಚಾರ್ಜ್ ಅವರ ಅನುಮತಿ ಪಡೆಯಿರಿ, ರೆಸ್ಯೂಮೆಯಲ್ಲಿ ಶೇಕಡಾವಾರು ಲೆಕ್ಕವನ್ನಷ್ಟೇ ಕೊಡಿ. ಹೊಸ ಕಂಪನಿಯವರು ಕೇಳಿದರೆ ಈ ಲೆಕ್ಕ ಹೌದೆಂದು ಹೇಳುತ್ತೀರಾ ಎಂದೂ ಅವರನ್ನು ಆಗಲೇ ವಿಚಾರಿಸಿ. ನೀವು ಬಿಡುವ ಯೋಚನೆಯಲ್ಲಿರುವುದು ಅವರಿಗೆ ತಿಳಿಯಬಾರದು ಎಂದಿದ್ದರೆ, ಕಳೆದ ವರ್ಷ ಬೇರೆಡೆ ಹೋದ ಹಳೆಯ ಲೀಡರ್ ಯಾರಾದರೂ ಸಿಗಬಹುದು. ಯಾರೂ ಸಿಗದಿದ್ದರೆ ಸಂಖ್ಯೆಯನ್ನು ಬಿಟ್ಟು ಘಟನೆಯನ್ನಷ್ಟೇ ಬರೆಯಿರಿ.

– ಸಂಪಾದಕ