‘ಸ್ಲ್ಯಾಬ್ ಆಲ್ಮೋಸ್ಟ್ ಮುಗೀತು’ ಎಂಬುದನ್ನು ಮಾಲೀಕರಿಗೆ ಬರೆಯುವುದು ಹೇಗೆ?

ಪ್ರಶ್ನೆ: ತುಮಕೂರಿನಲ್ಲಿ ಮನೆ ಕಟ್ಟಿಸಿಕೊಡುವ ಗುತ್ತಿಗೆದಾರರ ಕಚೇರಿಯಲ್ಲಿದ್ದೇನೆ. ಸೈಟ್ ಎಂಜಿನಿಯರ್ ವಾಟ್ಸಾಪ್‌ನಲ್ಲಿ ಹಾಕುವ ತುಂಡು ಸಂದೇಶಗಳನ್ನು ದಿನದ ವರದಿಯಾಗಿ ಬರೆದು ದುಬೈಯಲ್ಲಿರುವ ಮಾಲೀಕರಿಗೆ ಕಳುಹಿಸುವುದು ನನ್ನ ಕೆಲಸ. ಮೊನ್ನೆ ಬಂದ ಸಂದೇಶಗಳು ಇವು:

10.40 – ಗಾಡಿ ಇನ್ನೂ ಬಂದಿಲ್ಲ, 9ಕ್ಕೆ ಅಂದಿದ್ರು
11.15 – ಫಸ್ಟ್ ಗಾಡಿ ಬಂತು, ಸ್ಟಾರ್ಟ್
2.30 – 4 ಗಾಡಿ ಆಯ್ತು. 5ನೇದು ಗಟ್ಟಿ ಇತ್ತು, ವಾಪಸ್ ಕಳಿಸಿದೆ
4.50 – ಮಳೆ. ಟಾರ್ಪಾಲ್ ಹಾಕಿದ್ವಿ. ಮೆಟ್ಟಿಲ ಕಡೆ ಬಿಟ್ಟಿದೀವಿ, ನಾಳೆ ನೋಡೋಣ
6.10 – 2ನೇ ಸ್ಲ್ಯಾಬ್ ಆಲ್ಮೋಸ್ಟ್ ಮುಗೀತು. ಕ್ಯೂಬ್ ತಗೊಂಡಿದೀವಿ. ಜನ 18

‘ಎರಡನೇ ಮಹಡಿಯ ಛಾವಣಿಯ ಕಾಂಕ್ರೀಟ್ ಕಾರ್ಯವು ನಿಗದಿತ ಮಾನದಂಡಗಳಿಗೆ ಅನುಗುಣವಾಗಿ ಬಹುತೇಕ ಪೂರ್ಣಗೊಂಡಿದ್ದು, ಉಳಿದ ಭಾಗವನ್ನು ನಾಳೆ ಪೂರ್ಣಗೊಳಿಸಲಾಗುವುದು’ ಎಂದು ನಾನು ಬರೆದೆ. ಮಾಲೀಕರು ಸಿಟ್ಟಾಗಿದ್ದಾರೆ. ತಪ್ಪಿದ್ದೆಲ್ಲಿ?

ಉತ್ತರ: ನಿಮ್ಮ ವಾಕ್ಯದ ಕನ್ನಡದಲ್ಲಿ ದೋಷವಿಲ್ಲ. ಆದರೆ ಸಂದೇಶದಲ್ಲಿ ಇಲ್ಲದ ಮೂರು ಸಂಗತಿಗಳು ಅದರಲ್ಲಿ ಸೇರಿಕೊಂಡಿವೆ, ಇದ್ದ ನಾಲ್ಕು ಸಂಗತಿಗಳು ಬಿಟ್ಟುಹೋಗಿವೆ. ಮಾನದಂಡದ ಮಾತನ್ನು ಎಂಜಿನಿಯರ್ ಎತ್ತಿಯೇ ಇಲ್ಲ. ‘ನೋಡೋಣ’ ಎಂದದ್ದು ನಿಮ್ಮ ಕೈಯಲ್ಲಿ ‘ಪೂರ್ಣಗೊಳಿಸಲಾಗುವುದು’ ಎಂಬ ಭರವಸೆಯಾಗಿದೆ. ಸೈಟಿನ ಮಾತಿನಲ್ಲಿ ಎರಡನೇ ಸ್ಲ್ಯಾಬ್ ಎಂದರೆ ಸಾಮಾನ್ಯವಾಗಿ ಮೊದಲ ಮಹಡಿಯ ಛಾವಣಿ, ಏಕೆಂದರೆ ನೆಲಮಹಡಿಯ ಛಾವಣಿಯನ್ನೇ ಅವರು ಒಂದನೆಯದೆಂದು ಎಣಿಸುತ್ತಾರೆ. ಹೀಗಾಗಿ ಮಾಲೀಕರಿಗೆ ಕಟ್ಟಡವೇ ಒಂದು ಮಹಡಿ ಮೇಲೇರಿದಂತೆ ಕಂಡಿರಬೇಕು. ಇನ್ನೊಂದೆಡೆ ಕಾಂಕ್ರೀಟ್ ಗಾಡಿ ತಡವಾದದ್ದು, ಒಂದು ಗಾಡಿ ವಾಪಸಾದದ್ದು, ಮಳೆ ಬಂದದ್ದು, ಕಾಂಕ್ರೀಟ್ ನಡುವೆ ನಿಂತದ್ದು, ಇವು ಯಾವುವೂ ಅವರಿಗೆ ತಲುಪಲಿಲ್ಲ.

ಎಂಜಿನಿಯರ್ ಸಂದೇಶ ಹಾಕುವುದು ಸೈಟನ್ನು ಕಣ್ಣೆದುರು ಕಂಡವರಿಗೆ. ಆದ್ದರಿಂದ ಎಲ್ಲಿ, ಎಷ್ಟು, ಏಕೆ ಎಂಬುದನ್ನು ಅವರು ಬಿಡುತ್ತಾರೆ. ವರದಿ ಬರೆಯುವವರು ಆ ಖಾಲಿ ಜಾಗಗಳನ್ನು ಒಳ್ಳೆಯ ಪದಗಳಿಂದ ತುಂಬದೆ, ಸಂಜೆ ಒಂದು ಫೋನ್ ಮಾಡಿ ಕೇಳಿ ತುಂಬಬೇಕು. ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುವ ಕೆಲಸ ಇದಲ್ಲ. ನಿಮ್ಮ ಸಂದೇಶಗಳನ್ನೇ ಹಿಡಿದು ನೋಡೋಣ. ಎಂಜಿನಿಯರ್ ಕೊಡಬಹುದಾದ ಉತ್ತರಗಳನ್ನು ಉದಾಹರಣೆಗೆಂದು ನಾನೇ ಊಹಿಸಿಕೊಂಡಿದ್ದೇನೆ.

ಮೊದಲು ಕೇಳಬೇಕಾದದ್ದು ‘ಆಲ್ಮೋಸ್ಟ್’ ಎಂದರೆ ಎಷ್ಟು ಎಂದು. ಒಟ್ಟು 34 ಘನ ಮೀಟರ್ ಬೇಕಿತ್ತು, 6 ಘನ ಮೀಟರಿನ ಐದು ಗಾಡಿ ಸುರಿದು 30 ಆಯಿತು, ಮೆಟ್ಟಿಲ ಪಕ್ಕದ ಅಂಕಣಕ್ಕೆ 4 ಉಳಿಯಿತು ಎಂದು ಅವರು ಹೇಳಿದರೆಂದುಕೊಳ್ಳಿ. ಈ ಅಳತೆಯನ್ನು ಹಾಗೆಯೇ ಬರೆಯಿರಿ, ಶೇಕಡ 88 ಎಂದು ಲೆಕ್ಕ ಹಾಕಿ ಬರೆಯಬೇಡಿ. ಕಾಂಕ್ರೀಟಿನ ಶೇಕಡ 88 ಛಾವಣಿಯ ಶೇಕಡ 88 ಅಲ್ಲ, ಕ್ಯೂರಿಂಗ್ ಮತ್ತು ಸೆಂಟ್ರಿಂಗ್ ಬಿಚ್ಚುವ ಕೆಲಸ ಇನ್ನೂ ಮುಂದಿದೆ.

ಎರಡನೆಯದು ವಾಪಸಾದ ಗಾಡಿ. ‘ಗಟ್ಟಿ ಇತ್ತು’ ಎಂಬುದು ಎಂಜಿನಿಯರ್ ಕಣ್ಣಿನ ಅಂದಾಜು. ವರದಿಗೆ ಅದರ ಹಿಂದಿನ ಅಳತೆ ಬೇಕು. ಪ್ಲಾಂಟಿನಿಂದ ಹೊರಟ ಸಮಯ ಡೆಲಿವರಿ ಚಲನ್‌ನಲ್ಲಿ ಇರುತ್ತದೆ. ರೆಡಿಮಿಕ್ಸ್ ಕಾಂಕ್ರೀಟ್‌ಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 4926 ಗಾಡಿಗೆ ತುಂಬಿದ ಸಮಯದಿಂದ ಸಾಮಾನ್ಯವಾಗಿ 2 ಗಂಟೆಯೊಳಗೆ ಸುರಿಯಬೇಕೆನ್ನುತ್ತದೆ. ಚಲನ್ 11.55 ಎಂದು ತೋರಿಸಿ, ಗಾಡಿ ಸೈಟಿಗೆ 2.10ಕ್ಕೆ ಬಂದು, ಕಾಂಕ್ರೀಟ್ ಎಷ್ಟು ಸಡಿಲವಾಗಿದೆ ಎಂಬುದನ್ನು ತೋರಿಸುವ ಸ್ಲಂಪ್ ಅಳತೆ ಕೇಳಿದ್ದ 120 ಮಿಲಿಮೀಟರ್ ಬದಲು 50 ಬಂದಿದ್ದರೆ, ಹಿಂತಿರುಗಿಸಿದ್ದು ಸರಿಯಾದ ತೀರ್ಮಾನ ಎಂಬುದು ಮಾಲೀಕರಿಗೆ ತಾನಾಗಿ ತಿಳಿಯುತ್ತದೆ. ನೀರು ಬೆರೆಸಿ ಸುರಿಯುವ ಸೈಟುಗಳನ್ನು ನಾನು ಕಂಡಿದ್ದೇನೆ. ಹಾಗೆ ಮಾಡದ ಎಂಜಿನಿಯರ್ ಕೆಲಸವನ್ನು ನಿಮ್ಮ ವರದಿ ಮುಚ್ಚಿಟ್ಟಿತು ಎಂಬುದು ನನಗೆ ಸ್ವಲ್ಪ ಬೇಸರದ ಸಂಗತಿ. ಹಾಗೆಂದು ‘ಸರಬರಾಜುದಾರರ ನಿರ್ಲಕ್ಷ್ಯದಿಂದ’ ಎಂದೂ ಬರೆಯಬಾರದು. ಗಾಡಿ ದಾರಿಯಲ್ಲಿ ಏಕೆ ತಡವಾಯಿತೆಂಬುದು ನಿಮಗಾಗಲಿ ಎಂಜಿನಿಯರ್‌ಗಾಗಲಿ ಗೊತ್ತಿಲ್ಲ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಆ ದಿನದ ಅತಿ ಮುಖ್ಯ ವಿಷಯ, ‘ಮೆಟ್ಟಿಲ ಕಡೆ ಬಿಟ್ಟಿದೀವಿ’ ಎಂಬ ಮಾತು. ಹಳೆಯ ಕಾಂಕ್ರೀಟಿಗೆ ನಾಳೆ ಹೊಸದು ಸೇರುವ ಆ ಗೆರೆಯನ್ನು ಕನ್‌ಸ್ಟ್ರಕ್ಷನ್ ಜಾಯಿಂಟ್ ಎನ್ನುತ್ತಾರೆ. ಯೋಜನೆಯಲ್ಲಿಲ್ಲದೆ ಮಳೆಯಿಂದ ಬಿದ್ದ ಜಾಯಿಂಟ್ ಎಲ್ಲಿದೆ ಎಂಬುದರ ಮೇಲೆ ಅದು ಸಣ್ಣ ವಿಷಯವೋ ದೊಡ್ಡದೋ ಎಂಬುದು ನಿಲ್ಲುತ್ತದೆ. ತೊಲೆ ಮತ್ತು ಸ್ಲ್ಯಾಬ್‌ಗಳಲ್ಲಿ ಅಡ್ಡ ಕತ್ತರಿಸುವ ಬಲ ಆಧಾರಗಳ ಹತ್ತಿರ ಹೆಚ್ಚು, ನಡುಭಾಗದ ಆಸುಪಾಸಿನಲ್ಲಿ ಕಡಿಮೆ. ಆದ್ದರಿಂದ ನಿಲ್ಲಿಸಲೇಬೇಕಾದಾಗ ನಡುಭಾಗದಲ್ಲಿ ಹಲಗೆ ಕೊಟ್ಟು ನೇರ ಅಂಚಿನಲ್ಲಿ ನಿಲ್ಲಿಸುವುದು ಪದ್ಧತಿ. ಹಾಗೆ ನಿಂತಿದೆಯೇ, ಇಳಿಜಾರಾಗಿ ಹರಿದುಹೋಗಿದೆಯೇ, ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಹೇಳಿದ್ದಾರೆಯೇ ಎಂದು ಕೇಳಿ. ಒಂದು ಫೋಟೊ ತರಿಸಿಕೊಳ್ಳಿ. ಜಾಯಿಂಟ್ ಸರಿಯಿದೆಯೆಂಬ ತೀರ್ಪು ಮಾತ್ರ ನಿಮ್ಮ ಬಾಯಿಂದ ಬರಬಾರದು.

ಬಲ ಪರೀಕ್ಷೆಗೆಂದು ಅಚ್ಚಿನಲ್ಲಿ ತುಂಬಿಡುವ ಕಾಂಕ್ರೀಟ್ ಕ್ಯೂಬಿನ ವಿಷಯದಲ್ಲಿ ಸಂಖ್ಯೆ ಕೇಳಿದರೆ ಸಾಕು, ಆದರೆ ಆ ಸಂಖ್ಯೆ ಕೆಲವೊಮ್ಮೆ ಮುಜುಗರ ತರುತ್ತದೆ. ಕಾಂಕ್ರೀಟ್ ನಿರ್ಮಾಣದ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ 16ರಿಂದ 30 ಘನ ಮೀಟರ್‌ವರೆಗಿನ ಕಾಂಕ್ರೀಟಿಗೆ 3 ಮಾದರಿ ತೆಗೆಯಬೇಕು. ಒಂದು ಮಾದರಿಗೆ 28 ದಿನದ ಪರೀಕ್ಷೆಗೆಂದು 3 ಕ್ಯೂಬು, ಅಂದರೆ ಒಟ್ಟು 9. ಏಳು ದಿನದ ಪರೀಕ್ಷೆ ಬೇಕಿದ್ದರೆ ಅದಕ್ಕೆ ಬೇರೆ ಕ್ಯೂಬುಗಳು ಬೇಕು. ಎಂಜಿನಿಯರ್ 6 ಎಂದರೆ 6 ಎಂದೇ ಬರೆಯಿರಿ, ಕೊರತೆಯನ್ನೂ ಬರೆಯಿರಿ. ನಿಮ್ಮ ಗುತ್ತಿಗೆದಾರರು ಇದನ್ನು ಇಷ್ಟಪಡಲಿಕ್ಕಿಲ್ಲ. ಆದರೆ ‘ಮಾನದಂಡಗಳಿಗೆ ಅನುಗುಣವಾಗಿ’ ಎಂದು ಬರೆದ ಕಾಗದ ಮತ್ತು 6 ಕ್ಯೂಬಿನ ಲ್ಯಾಬ್ ವರದಿ ಮುಂದೊಂದು ದಿನ ಒಂದೇ ಮೇಜಿನ ಮೇಲೆ ಬಂದರೆ, ಅವರ ಉಳಿದ ವರದಿಗಳನ್ನೂ ಯಾರೂ ನಂಬುವುದಿಲ್ಲ.

ಇಷ್ಟು ತಿಳಿದ ಮೇಲೆ ವರದಿ ಹೀಗಿರಬಹುದು:

> ಇಂದು ಮೊದಲ ಮಹಡಿಯ ಛಾವಣಿಗೆ (ಸೈಟ್ ಲೆಕ್ಕದಲ್ಲಿ 2ನೇ ಸ್ಲ್ಯಾಬ್) ಎಂ25 ದರ್ಜೆಯ ರೆಡಿಮಿಕ್ಸ್ ಕಾಂಕ್ರೀಟ್ ಹಾಕಲಾಯಿತು. ಅಂದಾಜಿಸಿದ್ದ 34 ಘನ ಮೀಟರ್ ಪೈಕಿ 30 ಘನ ಮೀಟರ್ ಹಾಕಿದ್ದು, ಮೆಟ್ಟಿಲ ಪಕ್ಕದ ಅಂಕಣದ 4 ಘನ ಮೀಟರ್ ಬಾಕಿ ಇದೆ.
>
> ಬೆಳಿಗ್ಗೆ 9.00ಕ್ಕೆ ಬರಬೇಕಿದ್ದ ಮೊದಲ ಗಾಡಿ 11.15ಕ್ಕೆ ಬಂದಿತು. ಒಟ್ಟು ಆರು ಗಾಡಿಗಳು ಬಂದಿದ್ದು, ಐದನೆಯದನ್ನು ಎಂಜಿನಿಯರ್ ಸುರಿಸದೆ ಹಿಂತಿರುಗಿಸಿದರು. ಚಲನ್ ಪ್ರಕಾರ ಅದು ಪ್ಲಾಂಟಿನಿಂದ 11.55ಕ್ಕೆ ಹೊರಟು ಸೈಟಿಗೆ 2.10ಕ್ಕೆ ತಲುಪಿತ್ತು, ಕೋರಿದ್ದ 120 ಮಿ.ಮೀ. ಸ್ಲಂಪ್ ಬದಲು 50 ಮಿ.ಮೀ. ಬಂದಿತು.
>
> ಸಂಜೆ 4.50ಕ್ಕೆ ಮಳೆ ಆರಂಭವಾದ್ದರಿಂದ ಕಾಂಕ್ರೀಟ್ ನಿಲ್ಲಿಸಿ, ಹಾಕಿದ ಭಾಗಕ್ಕೆ ಟಾರ್ಪಾಲಿನ್ ಹೊದಿಸಲಾಯಿತು. ಮೇಲ್ಮೈ ತೊಳೆದುಹೋದ ಗುರುತು ಕಂಡಿಲ್ಲವೆಂದು ಎಂಜಿನಿಯರ್ ತಿಳಿಸಿದ್ದಾರೆ. ನಾಳೆ ಬೆಳಿಗ್ಗೆ ಹೊದಿಕೆ ತೆಗೆದು ಮತ್ತೆ ನೋಡಲಿದ್ದಾರೆ. ಮೆಟ್ಟಿಲ ಪಕ್ಕದ ಅಂಕಣದ ಅಂಚಿನಲ್ಲಿ ಹಲಗೆ ಕೊಟ್ಟು ನಿಲ್ಲಿಸಿರುವ ಜಾಯಿಂಟ್ ಯೋಜನೆಯಲ್ಲಿ ಇರಲಿಲ್ಲ. ಫೋಟೊವನ್ನು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಸಂಜೆ 6.30ಕ್ಕೆ ಕಳುಹಿಸಲಾಗಿದೆ. ಅವರ ಲಿಖಿತ ಸೂಚನೆ ಬಂದ ನಂತರವೇ ಬಾಕಿ ಭಾಗದ ಕೆಲಸ ನಡೆಯುತ್ತದೆ.
>
> 6 ಕ್ಯೂಬ್ ತೆಗೆಯಲಾಗಿದೆ. ಐಎಸ್ 456ರ ಪ್ರಕಾರ 9 ಬೇಕಿದ್ದು, 3 ಕಡಿಮೆ ಇವೆ. ಕೆಲಸಗಾರರು 18: ಗಾರೆಯವರು 4, ಸಹಾಯಕರು 10, ಸೆಂಟ್ರಿಂಗ್‌ನವರು 2, ಕಂಬಿ ಕೆಲಸದವರು 2.

ಎರಡು ಸಂಗತಿಗಳನ್ನು ಗಮನಿಸಿ. ‘ಮಾಡಲಾಯಿತು’ ಎಂಬ ರೂಪ ನಮ್ಮ ಕಚೇರಿ ಕನ್ನಡಕ್ಕೆ ಅಂಟಿಕೊಂಡಿದೆ. ಟಾರ್ಪಾಲಿನ್ ಹೊದಿಸಿದವರು ಯಾರೆಂಬುದು ಮುಖ್ಯವಲ್ಲದ ಕಡೆ ಅದು ನಡೆಯುತ್ತದೆ. ಗಾಡಿ ಹಿಂತಿರುಗಿಸಿದಂಥ ತೀರ್ಮಾನ ಇದ್ದಲ್ಲಿ ಕರ್ತೃ ಕಾಣಲೇಬೇಕು. ಹಾಗೆಯೇ, ಅಳೆದದ್ದು ಯಾವುದು, ಎಂಜಿನಿಯರ್ ಕಣ್ಣಲ್ಲಿ ನೋಡಿ ಹೇಳಿದ್ದು ಯಾವುದು ಎಂಬುದು ಓದಿದೊಡನೆ ಬೇರೆಯಾಗಿ ತಿಳಿಯಬೇಕು. ‘ತಿಳಿಸಿದ್ದಾರೆ’ ಎಂಬ ಒಂದು ಪದ ಆ ಕೆಲಸ ಮಾಡುತ್ತದೆ.

ದಿನಾಂಕ ಮತ್ತು ಜಾಗವನ್ನು ಇಷ್ಟು ಬಿಡಿಸಿ ಬರೆಯಬೇಕಾದ ಕಾರಣ ಇನ್ನೆರಡು ವಾರದಲ್ಲಿ ನಿಮಗೇ ಎದುರಾಗುತ್ತದೆ. ಸೆಂಟ್ರಿಂಗ್ ಯಾವಾಗ ಬಿಚ್ಚುತ್ತೀರಿ ಎಂದು ಮಾಲೀಕರು ಕೇಳುತ್ತಾರೆ. ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಹವೆ 15 ಡಿಗ್ರಿಗಿಂತ ಕೆಳಗಿಳಿಯದಿದ್ದಲ್ಲಿ, ಆಧಾರಗಳ ನಡುವಿನ ಅಂತರ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಕೆಳಗಿನ ಊರುಗೋಲುಗಳನ್ನು 7 ದಿನಕ್ಕೂ, ಅದಕ್ಕಿಂತ ಹೆಚ್ಚಿದ್ದರೆ 14 ದಿನಕ್ಕೂ ತೆಗೆಯಬಹುದೆಂದು ಐಎಸ್ 456 ಹೇಳುತ್ತದೆ. ಹಾರುಬೂದಿ ಬೆರೆಸಿದ ಕಾಂಕ್ರೀಟಿಗೆ ಈ ಅವಧಿಯನ್ನು ಹೆಚ್ಚಿಸಬೇಕಾಗಬಹುದು, ಅದನ್ನು ಸ್ಟ್ರಕ್ಚರಲ್ ಎಂಜಿನಿಯರ್ ತೀರ್ಮಾನಿಸಬೇಕು. ಬಾಕಿ ಉಳಿದ ಅಂಕಣದ ದಿನಗಳನ್ನು ಅಲ್ಲಿ ಕಾಂಕ್ರೀಟ್ ಹಾಕಿದ ದಿನದಿಂದಲೇ ಎಣಿಸಬೇಕು. ‘ಛಾವಣಿ ಬಹುತೇಕ ಪೂರ್ಣ’ ಎಂಬ ನಿಮ್ಮ ಹಳೆಯ ವರದಿಯನ್ನು ನಂಬಿ ಯಾರಾದರೂ ಇಡೀ ಛಾವಣಿಗೆ ಒಂದೇ ದಿನಾಂಕ ಹಿಡಿದರೆ, ಮೆಟ್ಟಿಲ ಪಕ್ಕದ ಊರುಗೋಲುಗಳು ಅವಧಿಗೆ ಮೊದಲೇ ಕಳಚುತ್ತವೆ.

ಈಗಾಗಲೇ ಕಳುಹಿಸಿದ ವರದಿಯನ್ನು ಅಳಿಸಲು ಹೋಗಬೇಡಿ. ಅದೇ ದಿನಾಂಕ ಮತ್ತು ಸಂಖ್ಯೆಯಡಿ ‘ಪರಿಷ್ಕೃತ 1’ ಎಂದು ಗುರುತಿಸಿ, ಮಹಡಿಯ ಹೆಸರು, ಕಾಂಕ್ರೀಟಿನ ಪ್ರಮಾಣ, ಜಾಯಿಂಟ್ ಮತ್ತು ಕ್ಯೂಬಿನ ಸಂಖ್ಯೆ ಬದಲಾಗಿವೆಯೆಂದು ಮೊದಲ ಸಾಲಿನಲ್ಲೇ ತಿಳಿಸಿ ಕಳುಹಿಸಿ. ಎಂಜಿನಿಯರ್ ಅವರ ಮೂಲ ಸಂದೇಶಗಳನ್ನು ಚಲನ್‌ಗಳ ಫೋಟೊ ಜೊತೆ ಆ ದಿನದ ಫೈಲಿನಲ್ಲಿ ಇಟ್ಟುಕೊಳ್ಳಿ.