ಹಸಿರು ಚೀಲಕ್ಕೆ ಓಡುವ ಮೊದಲು ನೀರಾವರಿ ಕಾಲಂ ನೋಡಿ

ಮಂಜಣ್ಣ ಕೇಳಿದ್ದು: "ನಮ್ಮ ಗುಂಪಿನ ಮೆಕ್ಕೆಜೋಳ ಸರ್ವೆ ಫೈಲ್ ಹಾಕಿದ್ದೇನೆ. ಇದರಿಂದ ಏನು ಗೊತ್ತಾಗುತ್ತೆ, ಯಾರಾದರೂ ನೋಡಿ ಹೇಳಿ."

ಮಂಜಣ್ಣ, ಮೊದಲು ಆ ಫೈಲ್ ತೆಗೆಯಿರಿ. ಎಲ್ಲರ ಫೋನ್ ನಂಬರ್ ಕಾಲಂ ಹಾಗೇ ಇದೆ. ಜನ ನಿಮ್ಮನ್ನು ನಂಬಿ ಕೊಟ್ಟಿದ್ದು, ಗುಂಪಿಗೆಲ್ಲ ಹಂಚೋಕೆ ಅಲ್ಲ. ನಂಬರ್ ಅಳಿಸಿ ಮತ್ತೆ ಹಾಕಿ.

ರಾತ್ರಿ ಕೂತು ಪೂರ್ತಿ ನೋಡಿದೆ. ಕೆಳಗೆ ತಿಪ್ಪೇಸ್ವಾಮಿ "ಹಸಿರು ಚೀಲದ ಬೀಜ ಎಕರೆಗೆ 24 ಕ್ವಿಂಟಲ್, ಹಳದಿ ಚೀಲದ್ದು 19, ಮುಂದಿನ ಸಲ ಎಲ್ಲರೂ ಹಸಿರೇ ತಗೊಳ್ಳಿ" ಅಂತ ಬರೆದು, ಅದಕ್ಕೆ ಇಷ್ಟೊಂದು ಜನ ಹೆಬ್ಬೆರಳು ಒತ್ತಿದ್ದು ನೋಡಿ ಸುಮ್ನೆ ಇರೋಕಾಗಲಿಲ್ಲ. ಇಂಥದ್ದೇ ತಪ್ಪು ನಾನು ಮಾಡಿದ್ದೇನೆ, ಅದಕ್ಕೆ ಊರವರ ದುಡ್ಡು ಹೋಗಿದೆ.

ಫೈಲಿನಲ್ಲಿ 147 ಸಾಲು ಇವೆ. 9 ಜನ ಎರಡೆರಡು ಸಲ ಕಳಿಸಿದ್ದಾರೆ, ಫೋನ್ ನಂಬರ್ ಒಂದೇ. 6 ಸಾಲಿನಲ್ಲಿ ಇಳುವರಿ ಜಾಗದಲ್ಲಿ ಅಂಕಿಯೇ ಇಲ್ಲ, ಬರೀ ಚುಕ್ಕೆ ಒತ್ತಿದ್ದಾರೆ. ಉಳಿದದ್ದು 132. ಅದರಲ್ಲಿ ಹಸಿರು 50, ಹಳದಿ 50, ಮಿಕ್ಕ 32 ಜನ ಬೇರೆ ಬೀಜ ಹಾಕಿದವರು ಅಥವಾ ಬೀಜದ ಹೆಸರು ಬರೆಯದವರು. ತಿಪ್ಪೇಸ್ವಾಮಿ ಲೆಕ್ಕ ತಪ್ಪಿಲ್ಲ, ನನಗೂ 24 ಮತ್ತು 19 ಬಂತು. ಆದರೆ ಪಕ್ಕದಲ್ಲೇ ನೀರಾವರಿಯೋ ಮಳೆ ಆಶ್ರಿತವೋ ಅನ್ನೋ ಕಾಲಂ ಇದೆ, ಅದನ್ನು ಯಾರೂ ಮುಟ್ಟಿಲ್ಲ. ಎರಡು ಸಲದ ಸಾಲು, ಅಂಕಿ ಇಲ್ಲದ ಸಾಲು ತೆಗೆದು, ಕೆಳಗೆ ಹೇಳಿದಂತೆ ಇಳುವರಿ ಅಂಕಿ ತಿದ್ದಿಕೊಂಡು ಹೀಗೆ ಹಾಕಿ ನೋಡಿ (D ಬೀಜ, E ನೀರು, F ಎಕರೆ ಇಳುವರಿ):

```
=COUNTIFS(D:D,"ಹಸಿರು",E:E,"ನೀರಾವರಿ")
=AVERAGEIFS(F:F,D:D,"ಹಸಿರು",E:E,"ನೀರಾವರಿ")
```

ಹಸಿರು ಹಾಕಿದ 50 ಜನರಲ್ಲಿ 40 ಜನ ನೀರಾವರಿಯವರು, ಅವರ ಸರಾಸರಿ 26. ಮಳೆ ನಂಬಿದವರು ಬರೀ 10 ಜನ, ಅವರದು 16. ಹಳದಿಯಲ್ಲಿ ಉಲ್ಟಾ. ನೀರಾವರಿ 12 ಜನ, ಸರಾಸರಿ 27. ಮಳೆ ಆಶ್ರಿತ 38 ಜನ, 16.5. ಅಂದರೆ ನೀರಿದ್ದ ಕಡೆಯೂ ಹಳದಿ ಒಂದು ಕೂದಲು ಮುಂದೆ, ಒಣ ಹೊಲದಲ್ಲೂ ಮುಂದೆ, ಆದರೆ ಎಲ್ಲ ಸೇರಿಸಿದರೆ ಹಸಿರು 5 ಕ್ವಿಂಟಲ್ ಮುಂದೆ! ಭದ್ರಾ ಕಾಲುವೆ ಕಡೆಯವರು ಹಸಿರು ಜಾಸ್ತಿ ಹಾಕಿದ್ದಾರೆ, ಅಷ್ಟೇ. ಆ 5 ಕ್ವಿಂಟಲ್ ಚೀಲದ್ದಲ್ಲ, ನೀರಿನದ್ದು.

ಹಾಗಂತ ಈಗ ಹಳದಿಗೆ ಓಡಬೇಡಿ. ಒಣ ಹೊಲದ ಹಸಿರಿನ 10 ಜನರಲ್ಲಿ ಒಬ್ಬರು 30 ಕ್ವಿಂಟಲ್ ಬರೆದಿದ್ದಾರೆ. ಅವರೊಬ್ಬರನ್ನು ಬಿಟ್ಟು ಲೆಕ್ಕ ಮಾಡಿದರೆ 16 ಇದ್ದದ್ದು 14.4 ಆಗುತ್ತೆ. ಒಬ್ಬರಿಂದಲೇ ಒಂದೂವರೆ ಕ್ವಿಂಟಲ್ ಅಲ್ಲಾಡುವ ಕಡೆ ಅರ್ಧ ಕ್ವಿಂಟಲ್ ವ್ಯತ್ಯಾಸ ಹಿಡಿದು ಏನು ಹೇಳೋದು? ಬೀಜದ ಬಗ್ಗೆ ಈ ಫೈಲ್ ಏನೂ ತೀರ್ಮಾನ ಕೊಡಲ್ಲ.

ನನ್ನ ಕಥೆ ಹೇಳ್ತೀನಿ. ಚಳ್ಳಕೆರೆ ಕಡೆ ನಮ್ಮದೊಂದು ರೈತರ ಸಂಘ ಇತ್ತು, 620 ಸದಸ್ಯರು. ಶೇಂಗಾ ಸುಲಿಯುವ ಯಂತ್ರ ತರೋಣವೇ ಅಂತ ನಾನೇ ಫಾರ್ಮ್ ಮಾಡಿ ಲಿಂಕ್ ಕಳಿಸಿದೆ. 41 ಉತ್ತರ ಬಂದವು, 33 ಜನ "ಬೇಕು" ಅಂದರು. ಗೂಗಲ್ ಫಾರ್ಮ್ ತಾನೇ ಬಣ್ಣದ ಚಕ್ರ ಬಿಡಿಸಿ 80.5% ಅಂತ ತೋರಿಸಿತು. ನಾನು ಸಭೆಯಲ್ಲಿ ಎದ್ದು ನಿಂತು "ನಮ್ಮ ಸದಸ್ಯರಲ್ಲಿ 80% ಜನಕ್ಕೆ ಯಂತ್ರ ಬೇಕು" ಅಂದೆ. ಅಂದದ್ದು 41ರಲ್ಲಿ 33, ನಾನು ಹೇಳಿದ್ದು 620ರ ಮಾತು. ಲಿಂಕ್ ಹಾಕಿದ್ದು ಯಂತ್ರದ ಬಗ್ಗೆ ಮಾತಾಡೋಕೆ ಅಂತಲೇ ಸೇರಿದ್ದವರ ಗುಂಪಿಗೆ. ಸುಲಿಯೋಕೆ ಎಷ್ಟು ಬಾಡಿಗೆ ಅಂತ ಫಾರ್ಮಿನಲ್ಲಿ ಬರೆದಿರಲಿಲ್ಲ, ದುಡ್ಡಿನ ಮಾತಿಲ್ಲದೆ ಕೇಳಿದರೆ ಯಾರು ಬೇಡ ಅಂತಾರೆ? ಯಂತ್ರ ಬಂತು. ಹಂಗಾಮಿನಲ್ಲಿ ಬಂದವರನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದಿತ್ತು. ಕೊನೆಗೆ ನಷ್ಟಕ್ಕೆ ಮಾರಿದೆವು. ನನ್ನ ಮಾತು ಕೇಳಿ ಷೇರು ದುಡ್ಡು ಹಾಕಿದ ಶಾರದಕ್ಕ ಈಗಲೂ ಸಿಕ್ಕಿದಾಗ ಅದನ್ನು ಎತ್ತಲ್ಲ, ಅದೇ ನನಗೆ ಜಾಸ್ತಿ ನೋವು.

ಅದಕ್ಕೆ ಯಾವ ಫೈಲ್ ಬಂದರೂ ನಾನು ಮೊದಲು ನೋಡೋದು ಯಾರು ಉತ್ತರ ಕೊಟ್ಟಿಲ್ಲ ಅಂತ. ನಿಮ್ಮದರಲ್ಲಿ ಜಗಳೂರಿನಿಂದ 4 ಸಾಲು. ಜಗಳೂರು ಬಿಟ್ಟು ದಾವಣಗೆರೆ ಜಿಲ್ಲೆಯ ಒಣ ಬೇಸಾಯದ ಮಾತಾಡೋಕಾಗುತ್ತಾ? ಇನ್ನೊಂದು, ಇಳುವರಿ ಪ್ರಶ್ನೆಯನ್ನು ಕಡ್ಡಾಯ ಮಾಡಿದ್ದೀರಿ. ಸೈನಿಕ ಹುಳು ತಿಂದು ಬೆಳೆಯನ್ನೇ ಉತ್ತವರು ಅಲ್ಲಿಗೆ ಬಂದು ಫಾರ್ಮ್ ಮುಚ್ಚಿರುತ್ತಾರೆ. ಸೊನ್ನೆ ಅಂತ ಬರೆದವರು ಒಬ್ಬರೂ ಇಲ್ಲ, ಇದು ಅನುಮಾನ ಬರೋ ವಿಷಯ. ಹಾಗಾಗಿ ನಿಜವಾದ ಸರಾಸರಿ ಫೈಲಿನದಕ್ಕಿಂತ ಕಡಿಮೆ ಇರಬಹುದು. ಎಷ್ಟು ಕಡಿಮೆ ಅನ್ನೋದು ಇದರಿಂದ ಸಿಗಲ್ಲ.

ರುದ್ರೇಶಣ್ಣ "132 ಕಡಿಮೆ ಆಯ್ತು, ಸಾವಿರ ಜನ ಬೇಕಿತ್ತು" ಅಂದಿದ್ದಾರೆ. ಅರ್ಧ ಸರಿ. ಒಣ ಹೊಲದ ಹಸಿರಿಗೆ, ನೀರಾವರಿ ಹಳದಿಗೆ 10-12 ಜನ ಸಾಲದು ನಿಜ. ಆದರೆ ಅದೇ ಕಾಲುವೆ ಕಡೆಯ ಗುಂಪುಗಳಿಗೇ ಲಿಂಕ್ ಹೋದರೆ ಸಾವಿರ ಜನ ತುಂಬಿದರೂ ಇದೇ ಓರೆ ಉಳಿಯುತ್ತೆ.

ಮಂಜಣ್ಣ, "ಎಕ್ಸೆಲ್‌ನಲ್ಲಿ ಸರಾಸರಿ ಎಕರೆಗೆ 700 ಕ್ವಿಂಟಲ್ ಮೇಲೆ ಬರ್ತಿದೆ" ಅಂದಿದ್ರಲ್ಲ, ಕಾರಣ ಸಿಕ್ಕಿತು. ಇಬ್ಬರು "10-12" ಅಂತ ಬರೆದಿದ್ದಾರೆ. ಎಕ್ಸೆಲ್ ಅದನ್ನು ಡಿಸೆಂಬರ್ 10 ಅಂತ ತಾರೀಖು ಮಾಡಿಕೊಳ್ಳುತ್ತೆ. ಒಳಗಡೆ ತಾರೀಖು ಅಂದರೆ 45 ಸಾವಿರದ ಮೇಲಿನ ಒಂದು ಸಂಖ್ಯೆ, ಅದು ಸರಾಸರಿಗೆ ಸೇರಿಬಿಟ್ಟಿದೆ. ಇದು ಕಣ್ಣಿಗೆ ಬಿತ್ತು, ಪರವಾಗಿಲ್ಲ. "18-20" ಅಂತ ಬರೆದವರದು ಇನ್ನೂ ಅಪಾಯ. ಇಪ್ಪತ್ತನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದು ಬರೀ ಅಕ್ಷರ ಆಗಿ ಉಳಿದು ಸದ್ದಿಲ್ಲದೆ ಲೆಕ್ಕದಿಂದ ಬಿಟ್ಟುಹೋಗುತ್ತೆ. ನಾನು 11, 19 ಅಂತ ನಡುವಿನದು ಹಾಕಿಕೊಂಡೆ. ಈ ತಾರೀಖಿನ ಚಾಳಿಗೇ ನನಗೆ ಎಕ್ಸೆಲ್ ಕಂಡರೆ ಸಿಟ್ಟು, ಅದರಲ್ಲೂ ಫೋನಿನ ಎಕ್ಸೆಲ್‌ನಲ್ಲಿ ಇಂಥ ಕೆಲಸ ಬೇಡವೇ ಬೇಡ. "ಹಸಿರು" ಮುಂದೆ ಒಂದು ಖಾಲಿ ಜಾಗ ಬಿದ್ದಿದ್ದರೂ ಮೇಲಿನ ಸೂತ್ರ ಅದನ್ನು ಎಣಿಸಲ್ಲ, ಪಕ್ಕದ ಕಾಲಂನಲ್ಲಿ `TRIM` ಹಾಕಿ, ಬಂದದ್ದನ್ನು D ಕಾಲಂಗೆ ಬರೀ ಮೌಲ್ಯವಾಗಿ ಅಂಟಿಸಿಕೊಳ್ಳಿ.

ಇಳುವರಿಯನ್ನು ಕ್ವಿಂಟಲ್ ಬದಲು ಚೀಲದ ಲೆಕ್ಕದಲ್ಲಿ ಬರೆದವರೂ ಇದ್ದಾರೆ. ಒಬ್ಬರ ಚೀಲ 50 ಕೆ.ಜಿ., ಇನ್ನೊಬ್ಬರದು 60. ನಾನು 50 ಅಂತ ಹಿಡಿದಿದ್ದೇನೆ, ನಿಮಗೆ ಪರಿಚಯ ಇದ್ದವರನ್ನು ಕೇಳಿ ತಿದ್ದಿ. ಆಗ ಮೇಲಿನ ಅಂಕಿ ಸ್ವಲ್ಪ ಆಚೀಚೆ ಆಗಬಹುದು.

ಗುಂಪಿಗೆ ಹಾಕೋದಾದರೆ ಇಷ್ಟು ಹಾಕಿ: "ಉತ್ತರ ಕೊಟ್ಟ 132 ಜನರಲ್ಲಿ ಹಸಿರು ಅಥವಾ ಹಳದಿ ಹಾಕಿದವರು 100 ಜನ. ಅವರಲ್ಲಿ, ಎರಡೂ ಬೀಜದಲ್ಲಿ ನೀರಾವರಿಯವರಿಗೆ ಎಕರೆಗೆ ಸುಮಾರು 10 ಕ್ವಿಂಟಲ್ ಜಾಸ್ತಿ ಬಂದಿದೆ. ಬೀಜ ಬೀಜದ ನಡುವೆ ವ್ಯತ್ಯಾಸ ಹೇಳುವಷ್ಟು ಉತ್ತರ ಇಲ್ಲ. ಜಗಳೂರಿನವರು ಮತ್ತು ಬೆಳೆ ಕಳೆದುಕೊಂಡವರು ಇದರಲ್ಲಿ ಹೆಚ್ಚು ಸೇರಿಲ್ಲ." ಆ 10 ಕ್ವಿಂಟಲ್ ಕೂಡ ಪೂರ್ತಿ ನೀರಿನದ್ದೇ ಅಂತ ನಾನು ಆಣೆ ಮಾಡಲ್ಲ. ನೀರಿದ್ದವರು ಗೊಬ್ಬರವನ್ನೂ ಜಾಸ್ತಿ ಹಾಕಿರುತ್ತಾರೆ, ಅದನ್ನು ನೀವು ಕೇಳೇ ಇಲ್ಲ.

ಬೀಜದ ಪ್ರಶ್ನೆಗೆ ಉತ್ತರ ಬೇಕೇ ಬೇಕು ಅಂದರೆ ಫಾರ್ಮ್ ಬಿಡಿ. ನಾಲ್ಕೈದು ಜನ ಒಂದೇ ಹೊಲದಲ್ಲಿ, ಒಂದೇ ದಿನ, ಪಕ್ಕಪಕ್ಕ ಎರಡೂ ಬಿತ್ತಿ. ಒಂದು ಪಟ್ಟಿ ಹಸಿರು, ಒಂದು ಹಳದಿ, ಮತ್ತೆ ಹಸಿರು, ಮತ್ತೆ ಹಳದಿ. ಬದುವಿನ ಎರಡು ಸಾಲು ಬಿಟ್ಟು ಒಳಗಿನದು ಬೇರೆ ಬೇರೆ ತೂಗಿ. ಪಟ್ಟಿ ಎಷ್ಟು ಅಗಲ ಇರಬೇಕು ಅಂತ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಹೇಳ್ತಾರೆ.

ನಾಗರಾಜ, ನೀವು ಕೇಳಿದ ಯೂರಿಯಾ ಪ್ರಮಾಣಕ್ಕೆ ಈ ಫೈಲಿನಲ್ಲಿ ಉತ್ತರ ಇಲ್ಲ ತಮ್ಮ, ಬೇರೆ ಪೋಸ್ಟ್ ಹಾಕಿ. ಮಂಜಣ್ಣ, ಆ 30 ಕ್ವಿಂಟಲ್ ಬರೆದವರು ನಿಮ್ಮ ಪರಿಚಯದವರಾದರೆ ಒಂದು ಫೋನ್ ಮಾಡಿ, ಕೊಳವೆಬಾವಿ ಇದ್ದೂ ಮಳೆ ಆಶ್ರಿತ ಅಂತ ಒತ್ತಿರಬಹುದು ಅಂತ ನನಗೆ ಅನುಮಾನ.